ಅವರನ್ನು ಸ್ವಾಗತಿಸೋಣ, ಅವರಿಗೆ ಸ್ವಾಗತ ಕೋರೋಣ

(ಹಾಸನದಲ್ಲಿ ಅನುವಾದದ ಬಗ್ಗೆ ಆಸಕ್ತಿ ಇರುವ ಪದವಿ ವಿದ್ಯಾರ್ಥಿಗಳು ಮತ್ತು ಉಪನ್ಯಾಸಕರ ಮುಂದೆ ಆಡಿದ ಮಾತು. ಕೇಳಿದವರು ಬರೆದು ಕೊಡಿ ಎಂದರು. ಮಾತಿನಲ್ಲಿ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅನುವಾದ ಅಂದ ಕೂಡಲೇ ಕವಿತೆ, ಕಾದಂಬರಿ ನೆನಪಾಗುತ್ತೆ ಅಲ್ವಾ? ನಾನು ಇವತ್ತು ಅದ್ಯಾವುದರ ಬಗ್ಗೆಯೂ ಮಾತಾಡುವುದಿಲ್ಲ. ಒಂದೂವರೆ ಪುಟದ ಒಂದು ಸ್ವಾಗತ ಭಾಷಣದ ಬಗ್ಗೆ ಮಾತ್ರ ಮಾತಾಡುತ್ತೇನೆ. ನಿಮ್ಮಲ್ಲಿ ಹೆಚ್ಚಿನವರಿಗೆ ಜೀವನದಲ್ಲಿ ಬರುವ ಮೊದಲ ಅನುವಾದದ ಕೆಲಸ ಇಂಥದ್ದೇ ಆಗಿರುತ್ತೆ. ಯಾರೋ ಪರಿಚಯದವರು ಫೋನ್ ಮಾಡಿ, "ನಾಳಿದ್ದು ಕಾರ್ಯಕ್ರಮ, ಇಂಗ್ಲಿಷಿನಲ್ಲಿ ರೆಡಿ ಇದೆ, ಸ್ವಲ್ಪ ಕನ್ನಡಕ್ಕೆ ಹಾಕಿಕೊಡ್ತೀರಾ" ಅಂತಾರೆ. ಸುಲಭದ ಕೆಲಸ ಅಂದುಕೊಂಡು ಒಪ್ಪಿಕೊಳ್ಳುತ್ತೇವೆ.

ನನಗೆ ಬಂದದ್ದೂ ಹಾಗೇ. ನಮ್ಮ ಜಿಲ್ಲೆಯಲ್ಲಿ ಆಲೂಗಡ್ಡೆ ಬೆಳೆಯ ಬಗ್ಗೆ ಎರಡು ದಿನದ ಸಮ್ಮೇಳನ. ಅದರ ಜವಾಬ್ದಾರಿ ಹೊತ್ತವರು ಒಬ್ಬ ವಿಜ್ಞಾನಿ, ನಲವತ್ತೈದರ ಆಸುಪಾಸಿನವರು. ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ, ಆದರೆ ಓದಿದ್ದು, ಬರೆದದ್ದು, ಸಭೆಗಳಲ್ಲಿ ಮಾತಾಡಿದ್ದು ಎಲ್ಲ ಇಂಗ್ಲಿಷಿನಲ್ಲಿ. ಮೊದಲ ದಿನದ ಸಭೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ರೈತರು ಎಂದು ಗೊತ್ತಾದ ಮೇಲೆ, ತಮ್ಮ ಸ್ವಾಗತ ಭಾಷಣವನ್ನು ಕನ್ನಡದಲ್ಲೇ ಓದಬೇಕು ಎಂದು ಅವರಿಗೆ ಅನ್ನಿಸಿತು. ನನಗೆ ಫೋನ್ ಮಾಡಿದರು. "ಮೇಷ್ಟ್ರೇ, ಐದು ನಿಮಿಷದ ಭಾಷಣ. ಮರ್ಯಾದೆ ಮಾತ್ರ ಎಲ್ಲೂ ತಪ್ಪಬಾರದು" ಅಂದರು.

ಆ ಒಂದು ಮಾತಿನಲ್ಲೇ ಇಡೀ ಕೆಲಸ ಇತ್ತು. ಇಂಗ್ಲಿಷಿನ ಸ್ವಾಗತ ಭಾಷಣ ಮರ್ಯಾದೆಯನ್ನು ವಿಶೇಷಣಗಳಲ್ಲಿ ಇಡುತ್ತದೆ. ಆನರಬಲ್, ಡಿಸ್ಟಿಂಗ್ವಿಷ್ಡ್, ಎಸ್ಟೀಮ್ಡ್ ಅಂತ ಒಂದೊಂದು ಹೆಸರಿನ ಹಿಂದೆಯೂ ಒಂದೊಂದು. ಕನ್ನಡ ಅದನ್ನು ಇಡುವ ಜಾಗ ಬೇರೆ. ಹೆಸರಿನ ಮುಂದೆ ಬರುವ 'ಅವರು', ಕ್ರಿಯಾಪದದ ಕೊನೆಯ 'ಆರೆ', ಕೂಗಿ ಕರೆಯುವ 'ಏ', ಯಾರ ಹೆಸರು ಯಾರಾದ ಮೇಲೆ ಬರುತ್ತೆ ಎನ್ನುವ ಸಾಲು, ಎಲ್ಲಿ ನಿಲ್ಲಿಸಬೇಕು ಎನ್ನುವುದು. ಇಂಗ್ಲಿಷಿನ ವಿಶೇಷಣಗಳನ್ನು ಒಂದೂ ಬಿಡದೆ ತಂದು, ಈ ಜಾಗಗಳಲ್ಲಿ ಎಡವಿದರೆ ಸಭೆಗೆ ಕೇಳಿಸುವುದು ಎಡವಿದ್ದು ಮಾತ್ರ.

ಮೊದಲು ನಾನು ಕೇಳಿದ್ದು ಭಾಷಣವನ್ನಲ್ಲ, ಆಹ್ವಾನ ಪತ್ರಿಕೆಯನ್ನು. ಇದನ್ನು ದಯವಿಟ್ಟು ರೂಢಿ ಮಾಡಿಕೊಳ್ಳಿ. ನಮ್ಮ ಕಡೆಯ ಆಹ್ವಾನ ಪತ್ರಿಕೆ ಹೇಗಿರುತ್ತೆ ಗೊತ್ತಲ್ಲ. ಸ್ವಾಮೀಜಿ ಇದ್ದರೆ ದಿವ್ಯ ಸಾನ್ನಿಧ್ಯ, ಆಮೇಲೆ ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಉಪಸ್ಥಿತಿ. ಯಾರ ಹೆಸರು ಯಾವ ಶೀರ್ಷಿಕೆಯ ಕೆಳಗಿದೆ ಎನ್ನುವುದರ ಮೇಲೆ ವೇದಿಕೆಯ ಕುರ್ಚಿಯೂ ನಿಂತಿದೆ, ಸ್ವಾಗತದ ಸಾಲೂ ನಿಂತಿದೆ. ಇಂಗ್ಲಿಷ್ ಪ್ರತಿಯಲ್ಲಿ ಆ ವಿಜ್ಞಾನಿಗಳು ಮೊದಲು ಮುಖ್ಯ ಅತಿಥಿಯನ್ನು ಸ್ವಾಗತಿಸಿ, ಮೂರನೆಯವರಾಗಿ ಉದ್ಘಾಟಕರನ್ನು ಸ್ವಾಗತಿಸಿದ್ದರು. ಅವರ ವಿಷಯಕ್ಕೆ ಹತ್ತಿರದವರು ಮುಖ್ಯ ಅತಿಥಿ, ಅದಕ್ಕೆ. ಪತ್ರಿಕೆಯಲ್ಲಿ ಉದ್ಘಾಟಕರು ಮೇಲಿದ್ದರು. ಅನುವಾದ ಶುರು ಮಾಡುವ ಮೊದಲೇ ಆ ಸಾಲನ್ನು ಅವರಿಗೆ ಹೇಳಿ ಬದಲಿಸಿಕೊಂಡೆ. ಹೇಳದೆ ಬದಲಿಸಬಾರದು. ಭಾಷಣ ಅವರದ್ದು.

ಪತ್ರಿಕೆ ನೋಡಿದಾಗ ಇನ್ನೊಂದು ತೊಡಕೂ ಕಾಣಿಸಿತು. ಇಂಗ್ಲಿಷ್ ಪ್ರತಿಯ ತಲೆಬರಹದಲ್ಲಿ ಅವರ ಸ್ಥಾನ 'ಕಾನ್ಫರೆನ್ಸ್ ಚೇರ್' ಎಂದಿತ್ತು. ಯಾರೋ ಆಗಲೇ ಕರಡು ಪತ್ರಿಕೆಯಲ್ಲಿ ಅದನ್ನು 'ಸಮ್ಮೇಳನಾಧ್ಯಕ್ಷರು' ಎಂದು ಹಾಕಿದ್ದರು. ನಿಘಂಟು ಇಟ್ಟುಕೊಂಡು ನೋಡಿದರೆ ಸರಿಯಾಗೇ ಇದೆ. ಆದರೆ ಕನ್ನಡದ ಕಿವಿಗೆ ಸಮ್ಮೇಳನಾಧ್ಯಕ್ಷರು ಅಂದರೆ ಯಾರು? 1915ರಲ್ಲಿ ಬೆಂಗಳೂರಿನಲ್ಲಿ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಮೊದಲ ಸಾಹಿತ್ಯ ಸಮ್ಮೇಳನ ನಡೆದಾಗಿನಿಂದ ಆ ಪದಕ್ಕೆ ಒಂದು ಅರ್ಥ ಗಟ್ಟಿಯಾಗಿದೆ. 1996ರಲ್ಲಿ ಹಾಸನಕ್ಕೆ ಚೆನ್ನವೀರ ಕಣವಿಯವರು ಬಂದದ್ದು, 2015ರಲ್ಲಿ ಶ್ರವಣಬೆಳಗೊಳಕ್ಕೆ ಕವಿ ಸಿದ್ಧಲಿಂಗಯ್ಯನವರು ಬಂದದ್ದು ಸಮ್ಮೇಳನಾಧ್ಯಕ್ಷರಾಗಿ. ಅಂದರೆ ಸಮ್ಮೇಳನ ಯಾರನ್ನು ಗೌರವಿಸುತ್ತದೋ ಅವರು, ಮೆರವಣಿಗೆಯಲ್ಲಿ ಕರೆತರಲ್ಪಡುವವರು. ಅವರು ಸ್ವಾಗತ ಭಾಷಣ ಮಾಡುವುದಿಲ್ಲ. ಅವರನ್ನು ಬೇರೆಯವರು ಸ್ವಾಗತಿಸುತ್ತಾರೆ. ಅಲ್ಲಿ ಆ ಕೆಲಸಕ್ಕೆ ಸ್ವಾಗತ ಸಮಿತಿಯ ಅಧ್ಯಕ್ಷರು ಅಂತ ಬೇರೆಯವರೇ ಇರುತ್ತಾರೆ.

ಇಂಗ್ಲಿಷಿನ ಕಾನ್ಫರೆನ್ಸ್ ಚೇರ್ ಇದಕ್ಕೆ ತದ್ವಿರುದ್ಧ. ಅವರು ಮನೆಯ ಯಜಮಾನರ ಹಾಗೆ. ಪ್ರಬಂಧ ಆರಿಸುವುದರಿಂದ ಹಿಡಿದು ಊಟದ ಲೆಕ್ಕದವರೆಗೆ ಅವರ ತಲೆಯ ಮೇಲೆ. ಆಮೇಲೆ ಅದೇ ವೇದಿಕೆಯಲ್ಲಿ ಕಾರ್ಯಕ್ರಮದ ಅಧ್ಯಕ್ಷತೆ ವಹಿಸುವವರು ಬೇರೆ ಒಬ್ಬರು ಇದ್ದರು. ಇಬ್ಬರೂ ಅಧ್ಯಕ್ಷರಾದರೆ ನಿರೂಪಣೆ ಮಾಡುವವರು "ಈಗ ಅಧ್ಯಕ್ಷರು ಮಾತಾಡುತ್ತಾರೆ" ಅಂದಾಗ ಯಾರು ಏಳಬೇಕು? ಅದಕ್ಕೆ 'ಸಂಘಟನಾ ಸಮಿತಿಯ ಅಧ್ಯಕ್ಷರು' ಎಂದು ಪತ್ರಿಕೆಯಲ್ಲಿ ಹಾಕಿಸಿ, ವೇದಿಕೆಯಲ್ಲಿ ಕರೆಯುವಾಗ 'ಸಮ್ಮೇಳನದ ಸಂಚಾಲಕರು' ಎಂದೇ ಕರೆಯಿರಿ ಎಂದು ಹೇಳಿದೆ. ಅವರಿಗೆ ಮೊದಲು ಸ್ವಲ್ಪ ಇಳಿಸಿದ ಹಾಗೆ ಅನ್ನಿಸಿತು. ಸಾಹಿತ್ಯ ಸಮ್ಮೇಳನದ ಉದಾಹರಣೆ ಹೇಳಿದ ಮೇಲೆ ಒಪ್ಪಿದರು.

ಈಗ ಮೊದಲ ಸಾಲಿಗೆ ಬರೋಣ. ಇಂಗ್ಲಿಷಿನಲ್ಲಿ ಹೀಗೆ ಶುರುವಾಗುತ್ತಿತ್ತು: ಗುಡ್ ಮಾರ್ನಿಂಗ್, ವೇದಿಕೆಯ ಮೇಲಿನ ಡಿಸ್ಟಿಂಗ್ವಿಷ್ಡ್ ಗಣ್ಯರು, ಡಿಯರ್ ಕಲೀಗ್ಸ್, ಲೇಡೀಸ್ ಅಂಡ್ ಜಂಟಲ್‌ಮೆನ್. ಅದನ್ನು ಪದಕ್ಕೆ ಪದ ಇಟ್ಟರೆ "ಶುಭೋದಯ, ವೇದಿಕೆಯ ಮೇಲಿರುವ ವಿಶಿಷ್ಟ ಗಣ್ಯರೇ, ಪ್ರೀತಿಯ ಸಹೋದ್ಯೋಗಿಗಳೇ, ಮಹಿಳೆಯರೇ ಮತ್ತು ಮಹನೀಯರೇ" ಅಂತ ಆಗುತ್ತೆ. ಇದನ್ನು ಜೋರಾಗಿ ಓದಿ ನೋಡಿ. ಒಂದು ಪದವೂ ತಪ್ಪಿಲ್ಲ, ಆದರೂ ಯಾರನ್ನೂ ಕರೆದ ಹಾಗಿಲ್ಲ.

ಕನ್ನಡದಲ್ಲಿ ಸಭೆಯನ್ನು ಕರೆಯುವುದು ಅಂದರೆ ಅಲ್ಲಿ ಕೂತವರನ್ನು ಗುರುತಿಸುವುದು. 'ಲೇಡೀಸ್ ಅಂಡ್ ಜಂಟಲ್‌ಮೆನ್' ಯಾವ ಸಭೆಗಾದರೂ ಹೊಂದುತ್ತೆ. ನಮ್ಮಲ್ಲಿ ಬಂದವರು ರೈತರಾದರೆ ರೈತ ಬಂಧುಗಳೇ, ಮಕ್ಕಳ ತಂದೆತಾಯಿಯರಾದರೆ ಪೋಷಕರೇ ಅಂತೀವಿ. ನಾನು ಅವರನ್ನು ಕೇಳಿದೆ, ಸಭೆಯಲ್ಲಿ ಯಾರ್‍ಯಾರು ಇರುತ್ತಾರೆ ಸರ್? ಮುಂದಿನ ಸಾಲಲ್ಲಿ ಹಿರಿಯ ಬೆಳೆಗಾರರು, ಕೆಲವರಿಗೆ ಎಪ್ಪತ್ತು ದಾಟಿದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ನಲವತ್ತು ಜನ. ಹಿಂದೆ ವಿದ್ಯಾರ್ಥಿಗಳು. ಪಕ್ಕದಲ್ಲಿ ಹೊರರಾಜ್ಯದಿಂದ ಬಂದ ಏಳೆಂಟು ವಿಜ್ಞಾನಿಗಳು. ಆಗ ಸಾಲು ಹೀಗಾಯಿತು:

"ಎಲ್ಲರಿಗೂ ನಮಸ್ಕಾರ. ವೇದಿಕೆಯ ಮೇಲಿರುವ ಗಣ್ಯರೇ, ನಮ್ಮ ಕರೆಗೆ ಓಗೊಟ್ಟು ಬಂದಿರುವ ಹಿರಿಯ ಬೆಳೆಗಾರರೇ, ರೈತ ಬಂಧುಗಳೇ, ಅಕ್ಕತಂಗಿಯರೇ, ವಿಜ್ಞಾನಿ ಮಿತ್ರರೇ, ವಿದ್ಯಾರ್ಥಿಗಳೇ."

'ಮತ್ತು' ಎಲ್ಲೂ ಇಲ್ಲ ನೋಡಿ. ಇಂಗ್ಲಿಷಿನ ಪಟ್ಟಿಗೆ ಕೊನೆಯಲ್ಲಿ 'ಅಂಡ್' ಬೇಕು. ನಮಗೆ ಪ್ರತಿ ಪದದ ಕೊನೆಯ 'ಏ' ಇದೆ, ಅದೇ ಒಬ್ಬೊಬ್ಬರ ಕಡೆಗೂ ಕೈ ತೋರಿಸುತ್ತೆ. 'ಮತ್ತು' ಬಂದರೆ ಓದುವವರು ಅಲ್ಲಿ ಮುಗ್ಗರಿಸುತ್ತಾರೆ. 'ಹಿರಿಯ' ಅನ್ನುವ ಪದವನ್ನೂ ಬೇಕೆಂದೇ ಹಾಕಿದೆ. ಮಾತಾಡುವವರು ನಲವತ್ತೈದರವರು, ಕೇಳುವವರು ಅವರ ತಂದೆಯ ವಯಸ್ಸಿನವರು. ಇಂಗ್ಲಿಷಿನ 'ಡಿಯರ್ ಫ್ರೆಂಡ್ಸ್'ಗೆ ವಯಸ್ಸಿಲ್ಲ. 'ಪ್ರೀತಿಯ ಗೆಳೆಯರೇ' ಎಂದು ಎಪ್ಪತ್ತರ ರೈತರಿಗೆ ಹೇಳಿದರೆ ಅವರೇನೂ ಬೈಯುವುದಿಲ್ಲ, ಆದರೆ ಒಂದು ಹೆಜ್ಜೆ ದೂರ ಸರಿಯುತ್ತಾರೆ.

ಇನ್ನು ಸ್ವಾಗತದ ವಾಕ್ಯ. ಇಲ್ಲೇ ನಾವು ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ತಪ್ಪುಗಳು ಜಾಸ್ತಿ ಆಗುವುದು ಇಲ್ಲೇ. ಮುಖ್ಯ ಅತಿಥಿಯ ಬಗ್ಗೆ ಇಂಗ್ಲಿಷಿನಲ್ಲಿ ಒಂದೇ ಉದ್ದ ವಾಕ್ಯ ಇತ್ತು. ನನ್ನ ಮೊದಲ ಕರಡಿನಲ್ಲಿ ಅದು ಹೀಗೆ ಬಂದಿತ್ತು:

"ಅಂತಾರಾಷ್ಟ್ರೀಯ ಖ್ಯಾತಿಯ ವಿಜ್ಞಾನಿಗಳಾಗಿರುವ, ಮೂವತ್ತು ವರ್ಷಗಳ ಕಾಲ ಆಲೂಗಡ್ಡೆಯ ರೋಗಗಳ ಕುರಿತು ಸಂಶೋಧನೆ ನಡೆಸಿರುವ, ಸಂಸ್ಥೆಯ ಮಾಜಿ ನಿರ್ದೇಶಕರಾಗಿರುವ, ತಮ್ಮ ಬಿಡುವಿಲ್ಲದ ಕಾರ್ಯಕ್ರಮಗಳ ನಡುವೆಯೂ ಈ ಸಮಾರಂಭವನ್ನು ಅಲಂಕರಿಸಲು ದಯೆಯಿಂದ ಒಪ್ಪಿಕೊಂಡಿರುವ, ನಮ್ಮ ಮುಖ್ಯ ಅತಿಥಿಗಳಾದ ಡಾ. ಇಂಥವರನ್ನು ಸ್ವಾಗತಿಸಲು ನಾನು ಬಯಸುತ್ತೇನೆ."

ಇಂಗ್ಲಿಷ್ ವಾಕ್ಯದಲ್ಲಿ ಹೆಸರು ಮೊದಲೇ ಬಂದುಬಿಡುತ್ತೆ, ಆಮೇಲೆ 'ಹೂ' 'ಹೂ' ಅಂತ ಅವರ ಸಾಧನೆಗಳು ಒಂದರ ಹಿಂದೆ ಒಂದು ನೇತಾಡುತ್ತವೆ. ಕನ್ನಡದಲ್ಲಿ ಅವೆಲ್ಲ 'ಇರುವ', 'ಇರುವ' ಆಗಿ ಹೆಸರಿನ ಹಿಂದಕ್ಕೆ ಬರುತ್ತವೆ. ಕೇಳುವವರು ಯಾರ ಬಗ್ಗೆ ಮಾತು ಎಂದು ತಿಳಿಯದೆ ನಾಲ್ಕು 'ಇರುವ'ಗಳನ್ನು ಕೈಯಲ್ಲಿ ಹಿಡಿದುಕೊಂಡು ಕಾಯಬೇಕು. ಒಂದು ಅಥವಾ ಎರಡು 'ಇರುವ' ಇದ್ದರೆ ಚೆನ್ನ, ಹೆಸರು ಕೊನೆಯಲ್ಲಿ ಬಂದು ಚಪ್ಪಾಳೆಗೆ ಜಾಗ ಆಗುತ್ತೆ. ಮೂರನೆಯದಕ್ಕೆ ಓದುವವರ ಉಸಿರೇ ಸಾಲದು.

'ಸ್ವಾಗತಿಸಲು ಬಯಸುತ್ತೇನೆ' ಎನ್ನುವುದನ್ನು ನೋಡಿ. ಇಂಗ್ಲಿಷಿನಲ್ಲಿ 'ಐ ವುಡ್ ಲೈಕ್ ಟು' ಒಂದು ಮರ್ಯಾದೆಯ ಮಾತು. ಕನ್ನಡದಲ್ಲಿ 'ಬಯಸುತ್ತೇನೆ' ಅಂದರೆ ಬಯಕೆ ಇದೆ, ಇನ್ನೂ ಆಗಿಲ್ಲ ಎಂದು. ಅತಿಥಿ ಎದುರಿಗೇ ಕೂತಿದ್ದಾರೆ, ಬಯಸುವುದೇನು ಬಂತು? ಸ್ವಾಗತಿಸುತ್ತೇನೆ ಅಂದರೆ ಮುಗಿಯಿತು. ಅದು ಒರಟೂ ಅಲ್ಲ. ಮರ್ಯಾದೆ ಆಗಲೇ 'ಅವರನ್ನು' ಎನ್ನುವಲ್ಲಿ ಬಂದಿದೆ.

ವಿಭಕ್ತಿಯ ಒಂದು ತಪ್ಪು ಎಷ್ಟು ಹಬ್ಬಿದೆ ಅಂದರೆ, ನೀವು ಮುಂದಿನ ಯಾವ ಸಭೆಗೆ ಹೋದರೂ ಕೇಳಿಸುತ್ತೆ. "ಅವರನ್ನು ಸ್ವಾಗತ ಕೋರುತ್ತೇನೆ." ಸ್ವಾಗತಿಸುವುದಾದರೆ ಅವರನ್ನು. ಸ್ವಾಗತ ಕೋರುವುದಾದರೆ ಅವರಿಗೆ. ಕೋರುವುದು ಸ್ವಾಗತವನ್ನು, ಅದು ಅವರಿಗೆ ಸಲ್ಲುತ್ತೆ. ಓದುವವರು ಒಂದೇ ಉಸಿರಿಗೆ ಆರು ಜನರನ್ನು ಸ್ವಾಗತಿಸುವಾಗ ಮೊದಲ ಮೂವರಿಗೆ 'ಸ್ವಾಗತಿಸುತ್ತೇನೆ' ಎಂದು, ಬೇಜಾರಾಗಿ ನಾಲ್ಕನೆಯವರಿಗೆ 'ಕೋರುತ್ತೇನೆ'ಗೆ ಹೋಗುತ್ತಾರೆ, 'ಅವರನ್ನು' ಮಾತ್ರ ಬಾಯಲ್ಲಿ ಹಾಗೇ ಉಳಿದಿರುತ್ತೆ. ಅದಕ್ಕೆ ನಾನು ಬರೆದುಕೊಡುವಾಗ ಎರಡನ್ನೂ ಬೆರೆಸುವುದಿಲ್ಲ. ಇಡೀ ಭಾಷಣಕ್ಕೆ ಒಂದನ್ನೇ ಹಿಡಿಯುತ್ತೇನೆ.

'ಮಾಜಿ ನಿರ್ದೇಶಕರು' ಎನ್ನುವುದೂ ಸರಿಯಿರಲಿಲ್ಲ. ಇಂಗ್ಲಿಷಿನ 'ಫಾರ್ಮರ್' ಎಲ್ಲರಿಗೂ ಒಂದೇ. ನಮ್ಮಲ್ಲಿ ಶಾಸಕರು, ಮಂತ್ರಿಗಳು ಮಾಜಿ ಆಗುತ್ತಾರೆ, ನೌಕರಿಯಲ್ಲಿದ್ದವರು ನಿವೃತ್ತರಾಗುತ್ತಾರೆ. ಹಾಗಂತ 'ನಿವೃತ್ತ' ಎಂದು ಬದಲಿಸಿ ಕಳಿಸಿದೆ. ಆಮೇಲೆ ಯಾಕೋ ಅನುಮಾನ ಬಂದು ಅತಿಥಿಗಳ ಕಚೇರಿಗೇ ಫೋನ್ ಮಾಡಿ ಕೇಳಿದರೆ, ಅವರು ನಿವೃತ್ತರಾಗಿಯೇ ಇರಲಿಲ್ಲ! ನಿರ್ದೇಶಕರ ಹುದ್ದೆಯ ಅವಧಿ ಮುಗಿದು ಮತ್ತೆ ಸಂಶೋಧನೆಗೆ ಮರಳಿದ್ದರು. ಸರ್ವೀಸಿನಲ್ಲಿರುವವರನ್ನು ತುಂಬಿದ ಸಭೆಯಲ್ಲಿ ನಿವೃತ್ತರು ಅನ್ನುವುದು ಎಂಥ ತಪ್ಪಾಗುತ್ತಿತ್ತು ಯೋಚಿಸಿ. 'ಹಿಂದೆ ನಿರ್ದೇಶಕರಾಗಿದ್ದವರು' ಎಂದು ಬರೆದರೆ ಎರಡಕ್ಕೂ ಹೊಂದುತ್ತೆ. ಗೊತ್ತಿಲ್ಲದಾಗ ಅದೇ ಸುರಕ್ಷಿತ.

ಆಮೇಲೆ 'ತಮ್ಮ'. ಇದು ಸಣ್ಣದಾಗಿ ಕಾಣುತ್ತೆ, ಆದರೆ ಮರ್ಯಾದೆಯ ಮಾತಿನಲ್ಲಿ ಇದರಷ್ಟು ಜಾರುವ ಪದ ಇನ್ನೊಂದಿಲ್ಲ. ಎದುರಿಗಿರುವವರಿಗೆ 'ನೀವು'ಗಿಂತ ಹೆಚ್ಚು ಗೌರವ ಕೊಡಬೇಕಾದಾಗ 'ತಾವು' ಅಂತೀವಿ. ದೂರದವರ ಬಗ್ಗೆ ಹೇಳುವಾಗ 'ಅವರವರದ್ದೇ' ಎನ್ನುವ ಅರ್ಥಕ್ಕೂ ಅದೇ 'ತಮ್ಮ' ಬರುತ್ತೆ. ಉದ್ಘಾಟಕರ ಬಗ್ಗೆ ಬರೆದಿದ್ದ ಒಂದು ವಾಕ್ಯ: "ಮಾನ್ಯರು ತಮ್ಮ ಜಿಲ್ಲೆಗೆ ಬಂದಿರುವುದು ಸಂತೋಷ." ಯಾರ ಜಿಲ್ಲೆ? ಉದ್ಘಾಟಕರ ಸ್ವಂತ ಜಿಲ್ಲೆಯೋ, ಕೇಳುತ್ತಿರುವ ಸಭೆಯವರ ಜಿಲ್ಲೆಯೋ? ಎರಡೂ ಆಗಬಹುದು. ಇದನ್ನು ತಪ್ಪಿಸಲು ಒಂದು ಕಟ್ಟುಪಾಡು ಹಾಕಿಕೊಂಡೆ. ವೇದಿಕೆಯ ಮೇಲಿನವರ ಬಗ್ಗೆ ಸಭೆಗೆ ಹೇಳುವಾಗ 'ಅವರು'. ಸಭೆಗೆ ನೇರವಾಗಿ ಹೇಳುವಾಗ 'ನೀವು', 'ನಿಮ್ಮ'. ಅತಿಥಿಯ ಕಡೆಗೇ ತಿರುಗಿ ಒಂದು ಮಾತು ಹೇಳುವಾಗ ಮಾತ್ರ 'ತಾವು'. ಒಬ್ಬರಿಗೇ ಒಮ್ಮೆ 'ತಾವು', ಒಮ್ಮೆ 'ನೀವು' ಅನ್ನಬಾರದು. ಮೊದಲು ಏರಿಸಿ ಆಮೇಲೆ ಇಳಿಸಿದ ಹಾಗಾಗುತ್ತೆ.

ಇನ್ನೊಬ್ಬ ಅತಿಥಿ ಯುವ ವಿಜ್ಞಾನಿ, ಹೆಣ್ಣುಮಗಳು. ಇಂಗ್ಲಿಷಿನಲ್ಲಿ 'ಷಿ' ಎಂದಿತ್ತು. ಬರವಣಿಗೆಯಲ್ಲಿ 'ಆಕೆ' ನಡೆಯುತ್ತೆ, ಪತ್ರಿಕೆಗಳಲ್ಲಿ ದಿನಾ ನೋಡುತ್ತೇವೆ. ವೇದಿಕೆಯ ಮೇಲೆ, ಅವರೇ ಕೂತಿರುವಾಗ, 'ಆಕೆ' ಅಂದರೆ ಕಿವಿಗೆ ಕಡಿಮೆಯಾಗುತ್ತೆ. 'ಅವರು' ಅಂದರೆ ಸಾಕು, ಅದರಲ್ಲಿ ಗಂಡು ಹೆಣ್ಣು ಎನ್ನುವ ಭೇದವೇ ಇಲ್ಲ. ಹೆಸರಿನ ಹಿಂದೆ 'ಶ್ರೀಮತಿ'ಯೋ 'ಕುಮಾರಿ'ಯೋ ಎಂದು ಸಂಘಟಕರು ಚರ್ಚೆ ಮಾಡುತ್ತಿದ್ದರು. ಡಾಕ್ಟರೇಟ್ ಇದೆ, 'ಡಾ.' ಇದ್ದ ಮೇಲೆ ಎರಡೂ ಬೇಡ. 'ಡಾ. ಇಂಥವರು' ಎಂದು ಗಂಡಸರಿಗೆ ಹೇಗೋ ಹಾಗೇ.

ಮುಖ್ಯ ಅತಿಥಿಯ ವಾಕ್ಯ ಕೊನೆಗೆ ಹೀಗೆ ನಿಂತಿತು:

"ಇಂದಿನ ಮುಖ್ಯ ಅತಿಥಿಗಳು ಡಾ. ಇಂಥವರು. ಮೂವತ್ತು ವರ್ಷ ಆಲೂಗಡ್ಡೆಯ ಅಂಗಮಾರಿ ರೋಗದ ಬಗ್ಗೆಯೇ ಕೆಲಸ ಮಾಡಿದವರು. ಹಿಂದೆ ಸಂಸ್ಥೆಯ ನಿರ್ದೇಶಕರಾಗಿದ್ದವರು. ನಿನ್ನೆ ಇಡೀ ದಿನ ಪ್ರಯಾಣ ಮಾಡಿ ನಮ್ಮಲ್ಲಿಗೆ ಬಂದಿದ್ದಾರೆ. ಡಾ. ಇಂಥವರನ್ನು ನಿಮ್ಮೆಲ್ಲರ ಪರವಾಗಿ ಆದರದಿಂದ ಸ್ವಾಗತಿಸುತ್ತೇನೆ."

'ಅಂತಾರಾಷ್ಟ್ರೀಯ ಖ್ಯಾತಿ' ಹೋಯಿತು, 'ಅಲಂಕರಿಸಲು ದಯೆಯಿಂದ' ಹೋಯಿತು. ಬದಲಿಗೆ ಇಂಗ್ಲಿಷಿನಲ್ಲಿ 'ಪೊಟ್ಯಾಟೊ ಪೆಥಾಲಜಿ' ಎಂದಿದ್ದದ್ದು 'ಅಂಗಮಾರಿ' ಆಯಿತು. ಹಾಸನದ ಆಲೂಗಡ್ಡೆ ರೈತರಿಗೆ ಆ ಪದ ಕೇಳಿದರೆ ಸಾಕು. ಮಳೆ ಹಿಡಿದು ಮೋಡ ಮುಚ್ಚಿಕೊಂಡರೆ ನಾಲ್ಕೇ ದಿನಕ್ಕೆ ಗಿಡ ಸುಟ್ಟ ಹಾಗೆ ಕರಗುವುದನ್ನು ಕಂಡವರು ಅವರು. ಅತಿಥಿ ಯಾರು, ಯಾಕೆ ಬಂದಿದ್ದಾರೆ ಎನ್ನುವುದು ಒಂದು ಪದದಲ್ಲಿ ಮುಟ್ಟಿತು. ಹೆಸರು ಎರಡು ಸಲ ಬಂದಿದೆ, ಅದೂ ಬೇಕೆಂದೇ. ಮೊದಲ ಸಲ ಯಾರೆಂದು ತಿಳಿಯಲು. ಎರಡನೇ ಸಲ, ಹೂಗುಚ್ಛ ಹಿಡಿದು ಪಕ್ಕದಲ್ಲಿ ನಿಂತಿರುವ ಹುಡುಗಿಗೆ ಈಗ ಹೆಜ್ಜೆ ಇಡಬೇಕು ಎಂದು ತಿಳಿಯಲು. ಇಂಗ್ಲಿಷ್ ಪ್ರತಿಯಲ್ಲಿ ನಾಲ್ಕು ಜನ ಅತಿಥಿಗಳು ಒಂದೇ ವಾಕ್ಯದಲ್ಲಿದ್ದರು. ನಮ್ಮ ವೇದಿಕೆಯಲ್ಲಿ ಒಬ್ಬೊಬ್ಬರಿಗೂ ಹೂವು ಬರುತ್ತೆ, ಅವರು ಎದ್ದು ಕೈಮುಗಿಯುತ್ತಾರೆ, ಚಪ್ಪಾಳೆ ಆಗುತ್ತೆ. ಅದಕ್ಕೆ ಒಬ್ಬೊಬ್ಬರಿಗೂ ಒಂದೊಂದು ಮುಕ್ತಾಯದ ವಾಕ್ಯ ಬೇಕು. ಪ್ರತಿಯಲ್ಲಿ ಅಲ್ಲೆಲ್ಲ ಒಂದು ಸಾಲು ಖಾಲಿ ಬಿಟ್ಟೆ.

ಇನ್ನು 'ನಾವು'. ಇಂಗ್ಲಿಷಿನ 'ವಿ' ಹಾಗೇ ನಮ್ಮ 'ನಾವು' ಕೂಡ ಎರಡು ಕೆಲಸ ಮಾಡುತ್ತೆ. ನಿಮ್ಮನ್ನೂ ಸೇರಿಸಿಕೊಂಡ ನಾವು ಒಂದು, ನಿಮ್ಮನ್ನು ಬಿಟ್ಟ ನಾವು ಇನ್ನೊಂದು. ಪಕ್ಕದ ತುಳುವಿನಲ್ಲಿ ಇದಕ್ಕೆ ಎರಡು ಪದ ಇವೆ, 'ನಮ' ಮತ್ತು 'ಎಂಕುಲು'. ಸಕಲೇಶಪುರದಿಂದ ಘಟ್ಟ ಇಳಿದರೆ ಕೇಳಿಸುತ್ತೆ. ನಮಗೆ ಒಂದೇ ಪದ. ಹಾಗಾಗಿ "ನಾವು ಈ ಸಮಸ್ಯೆಗೆ ಪರಿಹಾರ ಕಂಡುಕೊಳ್ಳುತ್ತೇವೆ" ಎಂದು ವಿಜ್ಞಾನಿ ಓದಿದರೆ, ರೈತರಿಗೆ "ನಾವು ವಿಜ್ಞಾನಿಗಳು, ನೀವು ಸುಮ್ನೆ ಕೇಳಿ" ಎಂದೂ ಕೇಳಿಸಬಹುದು. ಅವರ ಮನಸ್ಸಿನಲ್ಲಿದ್ದದ್ದು ಎಲ್ಲರೂ ಸೇರಿದ 'ನಾವು'. ಅಲ್ಲಿ 'ನಾವೂ ನೀವೂ ಸೇರಿ' ಎಂದು ಬಿಡಿಸಿ ಬರೆದೆ. ಸಂಘಟಕರು ಮಾತ್ರ ಅನ್ನುವ ಕಡೆ 'ಸಂಘಟನಾ ಸಮಿತಿಯ ಪರವಾಗಿ' ಎಂದು ಹಾಕಿದೆ.

'ಸ್ಟೇಕ್‌ಹೋಲ್ಡರ್ಸ್' ಎನ್ನುವ ಪದ ಮೂರು ಸಲ ಇತ್ತು. ಸರ್ಕಾರಿ ಕಾಗದಗಳಲ್ಲಿ ಇದನ್ನು ಪಾಲುದಾರರು ಅಂತಾರೆ. ಹಳ್ಳಿಯಲ್ಲಿ ಪಾಲು ಅಂದರೆ ಜಮೀನಿನ ಪಾಲು, ಅಣ್ಣತಮ್ಮಂದಿರ ನಡುವಿನ ವಿಷಯ. "ಈ ಸಮ್ಮೇಳನದಲ್ಲಿ ಎಲ್ಲ ಪಾಲುದಾರರೂ ಇದ್ದಾರೆ" ಅಂದರೆ ಯಾರಿಗೆ ಏನು ತಿಳಿಯಬೇಕು? ಅವರು ಯಾರು ಎಂದು ಹೆಸರು ಹಿಡಿದು ಬರೆದೆ: ಬೆಳೆಯುವವರು, ಜಲಂಧರ್‌ನಿಂದ ಬಿತ್ತನೆ ಗಡ್ಡೆ ತರಿಸಿ ಮಾರುವವರು, ಕೋಲ್ಡ್ ಸ್ಟೋರೇಜಿನವರು, ಎಪಿಎಂಸಿ ವರ್ತಕರು. ಒಂದು ಪದದ ಜಾಗಕ್ಕೆ ಒಂದು ಸಾಲು ಬಂತು. ಆದರೆ ಆ ಸಾಲು ಓದಿದಾಗ ಅಲ್ಲಿ ಕೂತ ಎಲ್ಲರೂ ತಮ್ಮನ್ನು ಕರೆದರು ಎಂದು ತಲೆ ಎತ್ತಿದರು, ಅದನ್ನು ನಾನೇ ಹಿಂದೆ ಕೂತು ನೋಡಿದೆ.

ಒಂದು ಕಡೆ ಮಾತ್ರ ನಾನು ಅವರ ಜೊತೆ ಸ್ವಲ್ಪ ವಾದ ಮಾಡಬೇಕಾಯಿತು. ಇಂಗ್ಲಿಷಿನಲ್ಲಿ "ನಮ್ಮ ಈ ಸ್ಲೀಪಿ ಲಿಟ್ಲ್ ಟೌನ್‌ಗೆ ಸ್ವಾಗತ" ಎಂದಿತ್ತು, ಅದರ ಬೆನ್ನಿಗೆ ಬೇಲೂರು ಹಳೇಬೀಡಿನ ಪರಿಚಯ, 2023ರಲ್ಲಿ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು. ಇಂಗ್ಲಿಷಿನಲ್ಲಿ ಅತಿಥೇಯರು ತಮ್ಮ ಊರನ್ನು ಸ್ವಲ್ಪ ಚಿಕ್ಕದು ಮಾಡಿ ಹೇಳುವುದು ವಿನಯ. ಕನ್ನಡದಲ್ಲಿ 'ತೂಕಡಿಸುವ ಸಣ್ಣ ಊರು' ಎಂದು ಹಾಸನದವರ ಎದುರಿಗೆ ಹೇಳಿದರೆ? ಆ ಊರು ಅವರದ್ದು. ಇಂಗ್ಲಿಷ್ ಪ್ರತಿ ಹೊರಗಿನವರನ್ನು ನೋಡಿ ಬರೆದದ್ದು, ಕನ್ನಡ ಪ್ರತಿಗೆ ಕಿವಿ ಕೊಡುವವರು ಇಲ್ಲೇ ಹುಟ್ಟಿದವರು. ಕೇಳುವವರು ಬದಲಾದರೆ ವಿನಯ ಇರುವ ಜಾಗವೂ ಬದಲಾಗುತ್ತೆ. ನಮ್ಮಲ್ಲಿ ವಿನಯ ತೋರಿಸುವುದು ಊರಿನ ಬಗ್ಗೆ ಅಲ್ಲ, ನಮ್ಮ ಏರ್ಪಾಟಿನ ಬಗ್ಗೆ. "ನಮ್ಮ ವ್ಯವಸ್ಥೆಯಲ್ಲಿ ಏನಾದರೂ ಕೊರತೆ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ" ಅಂತೀವಿ. ಅದನ್ನೇ ಬರೆದೆ. ದೇವಾಲಯಗಳ ಪರಿಚಯವನ್ನು ಹೊರರಾಜ್ಯದವರಿಗಾಗಿ ಇಂಗ್ಲಿಷಿನಲ್ಲೇ ಎರಡು ವಾಕ್ಯ ಓದಿ ಸರ್ ಎಂದೆ. ಕನ್ನಡದವರಿಗೆ "ನಮ್ಮ ಬೇಲೂರು ಹಳೇಬೀಡನ್ನು ಅತಿಥಿಗಳಿಗೆ ತೋರಿಸಿ ಕಳಿಸೋಣ" ಎಂದಷ್ಟೇ ಉಳಿಸಿದೆ. ಹಲ್ಮಿಡಿ ಶಾಸನ ಸಿಕ್ಕ ಬೇಲೂರು ತಾಲ್ಲೂಕಿನವರಿಗೆ ಬೇಲೂರು ಎಲ್ಲಿದೆ ಎಂದು ಹೇಳಬೇಕೇ?

ಕೊನೆಯ ಭಾಗಕ್ಕೆ ಬರುವ ಹೊತ್ತಿಗೆ ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಶುರುವಾಗಿತ್ತು. ಪ್ರಾಯೋಜಕರಿಗೆ, ಸ್ವಯಂಸೇವಕರಿಗೆ, ಧ್ವನಿವರ್ಧಕದವರಿಗೆ. ನಮ್ಮ ಕಾರ್ಯಕ್ರಮಗಳಲ್ಲಿ ವಂದನಾರ್ಪಣೆ ಎಂದು ಬೇರೆಯೇ ಇದೆ, ಅದಕ್ಕೆ ಇನ್ನೊಬ್ಬರು ತಯಾರಾಗಿ ಬಂದಿರುತ್ತಾರೆ. ಸ್ವಾಗತದಲ್ಲೇ ಎಲ್ಲರಿಗೂ ಧನ್ಯವಾದ ಹೇಳಿಬಿಟ್ಟರೆ ಅವರು ಏನು ಹೇಳಬೇಕು? ಆ ಪಟ್ಟಿಯನ್ನು ಹಾಗೇ ವಂದನಾರ್ಪಣೆ ಮಾಡುವವರಿಗೆ ಕಳಿಸಿಕೊಟ್ಟೆವು.

ಊಟದ ಮಾತು ಮಾತ್ರ ಬಿಡಲಿಲ್ಲ. ಇಂಗ್ಲಿಷಿನಲ್ಲಿ "ಒಂದು ಗಂಟೆಗೆ ಊಟದ ವ್ಯವಸ್ಥೆ ಇದೆ, ಪ್ಲೀಸ್ ಜಾಯಿನ್ ಅಸ್" ಎನ್ನುವ ಅರ್ಥದಲ್ಲಿತ್ತು. "ದಯವಿಟ್ಟು ನಮ್ಮೊಂದಿಗೆ ಸೇರಿಕೊಳ್ಳಿ" ಎಂದು ಹಾಕಬಹುದಿತ್ತು. ಆದರೆ ನಮ್ಮ ಮನೆಗೆ ಬಂದವರಿಗೆ ಹಾಗೆ ಹೇಳುತ್ತೇವಾ? "ಊಟ ಮಾಡಿಕೊಂಡೇ ಹೋಗಬೇಕು" ಅಂತೀವಿ. ವ್ಯಾಕರಣ ಹಿಡಿದು ನೋಡಿದರೆ 'ಬೇಕು' ಒಂದು ಒತ್ತಾಯ. ಊಟದ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಒತ್ತಾಯವೇ ಮರ್ಯಾದೆ, 'ದಯವಿಟ್ಟು' ಅಂದರೆ ಬರೀ ಬಾಯಿಮಾತಿಗೆ ಕರೆದ ಹಾಗೆ. "ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು" ಎಂದು ಬರೆದೆ, 'ಏ' ಬಿಡಬೇಡಿ ಸರ್ ಎಂದು ಫೋನಿನಲ್ಲೂ ಹೇಳಿದೆ.

ಆಮೇಲೆ ಓದಿಸಿ ನೋಡಿದ್ದು. ಅವರ ಇಂಗ್ಲಿಷ್ ಭಾಷಣ ಐದು ನಿಮಿಷದ್ದು. ನನ್ನ ಮೊದಲ ಕರಡನ್ನು ಅವರು ಓದಿದಾಗ ಒಂಬತ್ತು ನಿಮಿಷ ಆಯಿತು, ಎರಡು ಕಡೆ ಉಸಿರು ಸಿಕ್ಕಿಹಾಕಿಕೊಂಡಿತು. ಉಸಿರು ಎಲ್ಲಿ ಸಿಕ್ಕಿತೋ ಅಲ್ಲಿ ನೋಡಿದರೆ, ಎರಡೂ ಕಡೆ ಆ 'ಇರುವ, ಇರುವ' ವಾಕ್ಯಗಳೇ. ಕೊನೆಯ ಪ್ರತಿ ಆರೂವರೆ ನಿಮಿಷ. ಬಾಯಿ ಎಡವಿದ ಪದಗಳನ್ನು ಬದಲಿಸಿದೆ. 'ಸಹೋದ್ಯೋಗಿ' ಅವರ ಬಾಯಲ್ಲಿ ಸರಿಯಾಗಿ ಹೊರಳುತ್ತಿರಲಿಲ್ಲ, 'ಮಿತ್ರರೇ' ಆದದ್ದು ಹಾಗೆ. ಅನುವಾದ ಯಾರ ಬಾಯಿಗೆ ಎಂದು ತಿಳಿಯದೆ ಪದ ಆರಿಸಬಾರದು. ಅಕ್ಷರ ದೊಡ್ಡದಾಗಿ, ಸಾಲಿನ ನಡುವೆ ಜಾಗ ಬಿಟ್ಟು ಮುದ್ರಿಸಿ ಕೊಟ್ಟೆ.

ಒಂದೇ ಕಾಗದದಲ್ಲಿ ಕೊಡಲಿಲ್ಲ. ಒಬ್ಬೊಬ್ಬ ಅತಿಥಿಗೂ ಒಂದೊಂದು ಹಾಳೆ. ವೇದಿಕೆಯ ಪಟ್ಟಿ ಬೆಳಿಗ್ಗೆ ಬದಲಾಗುವುದು ನಮ್ಮಲ್ಲಿ ಮಾಮೂಲು. ಬರುತ್ತೇನೆ ಎಂದವರಿಗೆ ಬೇರೆ ಕೆಲಸ ಬೀಳುತ್ತೆ, ಪಟ್ಟಿಯಲ್ಲಿಲ್ಲದ ಹಿರಿಯರೊಬ್ಬರು ಪ್ರೀತಿಯಿಂದ ಬಂದಿರುತ್ತಾರೆ. ಒಂದೇ ಪುಟದಲ್ಲಿ ಎಲ್ಲರೂ ಇದ್ದರೆ, ಬಾರದವರ ಹೆಸರನ್ನು ಓದುವವರು ಗಡಿಬಿಡಿಯಲ್ಲಿ ಓದಿಬಿಡುತ್ತಾರೆ, ಬಂದವರನ್ನು ಮರೆಯುತ್ತಾರೆ. ಕೊನೆಗೆ ಒಂದು ಖಾಲಿ ಹಾಳೆಯನ್ನೂ ಇಟ್ಟಿದ್ದೆ. ಅದರಲ್ಲಿ ಇಷ್ಟೇ ಇತ್ತು: "ನಮ್ಮ ನಡುವೆ ಇರುವ ಹಿರಿಯರು ಶ್ರೀ ........................ ಅವರನ್ನು ಆದರದಿಂದ ಸ್ವಾಗತಿಸುತ್ತೇನೆ."

ಅವತ್ತು ಹಾಗೇ ಆಯಿತು. ಉದ್ಘಾಟಕರು ಬರಲಾಗಲಿಲ್ಲ, ಅವರ ಹಾಳೆಯನ್ನು ತೆಗೆದು ಬದಿಗಿಟ್ಟರು. ಹತ್ತೂವರೆಗೆ ಬಾಗಿಲಲ್ಲಿ ಬಿಳಿ ಪಂಚೆಯ ಒಬ್ಬ ವೃದ್ಧರು ಬಂದು ನಿಂತರು. ಐವತ್ತು ವರ್ಷದಿಂದ ಆಲೂಗಡ್ಡೆ ಬೆಳೆದವರಂತೆ, ಊರಿನವರೆಲ್ಲ ಎದ್ದು ಜಾಗ ಕೊಟ್ಟರು. ಸಂಚಾಲಕರು ಕೆಳಗಿಳಿದು ಹೋಗಿ, ಕೈ ಹಿಡಿದು ವೇದಿಕೆಗೆ ಕರೆತಂದು, ಜೇಬಿನಿಂದ ಪೆನ್ನು ತೆಗೆದು, ಬಗ್ಗಿ ಅವರ ಹೆಸರು ಕೇಳಿ ಆ ಚುಕ್ಕಿಗಳ ಮೇಲೆ ಬರೆದುಕೊಂಡರು.